ಹರಿವೆ, ಪಾಲಕ್, ಬಸಳೆ: ಫೋಟೋದಲ್ಲಿ ಎಲೆ ಮತ್ತು ಕಾಂಡ ನೋಡಿ ಗುರುತಿಸುವುದು ಹೇಗೆ?

ಕೇಳಿದವರು, ಬೆಂಗಳೂರು: ನಮ್ಮ ವಸತಿ ಸಮುಚ್ಚಯಕ್ಕೆ ಸೊಪ್ಪು ತರುವ ರೈತರು ಬೆಳಗಿನ ಆರು ಗಂಟೆಗೆ ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಾರೆ, ಹೆಸರು ಬರೆಯುವುದಿಲ್ಲ. ಕಳೆದ ವಾರ ಕೆಂಪು ಕಾಂಡ ಕಂಡು ದಂಟಿನ ಸೊಪ್ಪೆಂದು ಎರಡು ಕಟ್ಟು ತೆಗೆದುಕೊಂಡೆ, ಪಲ್ಯ ಮಾಡಿದಾಗ ಲೋಳೆಯಾಯಿತು, ಅದು ಬಸಳೆಯಾಗಿತ್ತು. ಎಲೆಯ ಆಕಾರ ಮತ್ತು ಕಾಂಡದ ಬಣ್ಣದಿಂದ ದಂಟು, ಪಾಲಕ್, ಬಸಳೆ ಈ ಮೂರನ್ನು ಫೋಟೋದಲ್ಲೇ ಬೇರ್ಪಡಿಸುವುದು ಹೇಗೆ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ ಒಬ್ಬರು: ನಾನು ಇಪ್ಪತ್ತು ವರ್ಷಗಳಿಂದ ಸಂತೆಯಲ್ಲಿ ಸೊಪ್ಪು ಕೊಳ್ಳುತ್ತಿದ್ದೇನೆ. ಕಾಂಡ ಕೆಂಪಗಿದ್ದರೆ ದಂಟು, ಹಸಿರಾಗಿದ್ದು ಎಲೆ ದಪ್ಪವಾಗಿದ್ದರೆ ಬಸಳೆ, ಕಾಂಡವೇ ಇಲ್ಲದೆ ಬರಿಯ ಎಲೆಗಳ ಕಟ್ಟಾಗಿದ್ದು ಎಲೆಯ ಬುಡ ಬಾಣದ ತುದಿಯಂತೆ ಎರಡು ಕಡೆಗೆ ಚಾಚಿದ್ದರೆ ಪಾಲಕ್. ಇಷ್ಟು ನೆನಪಿಟ್ಟುಕೊಂಡರೆ ಸಾಕು, ನಾನಂತೂ ತಪ್ಪಿಲ್ಲ.

ಕಾರ್ಕಳದ ಸಮೀಪ ತರಕಾರಿ ಬೆಳೆಯುವವರು: ಮೈಸೂರಿನವರು ಪಾಲಕ್‌ಗೆ ಕಾಂಡವಿಲ್ಲ ಎಂದದ್ದು ಸರಿ, ಆದರೆ ಕಾಂಡದ ಬಣ್ಣದ ಮಾತನ್ನು ನಂಬಿದ್ದರಿಂದಲೇ ಈ ತಾಯಿಯವರ ಪಲ್ಯ ಲೋಳೆಯಾದದ್ದು. ನಮ್ಮ ಕಡೆ ಹರಿವೆ ಎನ್ನುವ ನಿಮ್ಮ ದಂಟಿನಲ್ಲಿ ಕೆಂಪೂ ಇದೆ, ಹಸಿರೂ ಇದೆ. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲೇ ಅರ್ಕಾ ಅರುಣಿಮಾ ಕೆನ್ನೀಲಿ, ಅರ್ಕಾ ಸುಗುಣ ಹಸಿರು. ಬಸಳೆಯಲ್ಲೂ ಹಾಗೆಯೇ, ಬಿಳಿ ಬಸಳೆಯ ಬಳ್ಳಿ ತಿಳಿ ಹಸಿರು, ಕೆಂಪು ಬಸಳೆಯದು ನೇರಳೆ ಕೆಂಪು. ಈ ಮೂರು ಸೊಪ್ಪುಗಳ ಕೆಂಪೂ ಬೀಟ್‌ರೂಟಿನ ಕೆಂಪಿನ ಬಗೆಯದೇ ಆದ್ದರಿಂದ ಬಣ್ಣದ ಛಾಯೆಯಿಂದಲೂ ಸುಳಿವು ಸಿಗುವುದಿಲ್ಲ. ಪಾಲಕ್‌ನ ತೊಟ್ಟಿನ ಬುಡ ಕೂಡ ಕೆಲವೊಮ್ಮೆ ನಸುಗೆಂಪಾಗಿರುತ್ತದೆ.

ಹಾಗಾಗಿ ಫೋಟೋದಲ್ಲಿ ನಾನು ಮೊದಲು ನೋಡುವುದು ಬಣ್ಣವನ್ನಲ್ಲ, ಎಲೆಯು ಕಾಂಡಕ್ಕೆ ಸೇರುವ ಜಾಗವನ್ನು. ಹರಿವೆಯ ತೊಟ್ಟು ತೆಳ್ಳಗೆ ಉದ್ದವಾಗಿರುತ್ತದೆ, ಕೆಳಗಿನ ಎಲೆಗಳಲ್ಲಂತೂ ಎಲೆಯಷ್ಟೇ ಉದ್ದವಿರುವುದುಂಟು, ಮತ್ತು ಎಲ್ಲಿ ತೊಟ್ಟು ಮುಗಿದು ಎಲೆ ಶುರುವಾಯಿತು ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಬಸಳೆಯ ತೊಟ್ಟು ಗಿಡ್ಡ ಮತ್ತು ದಪ್ಪ. ಎಲೆಯ ಅಂಚು ಕೆಳಗಿಳಿಯುತ್ತಾ ತೊಟ್ಟಿನೊಳಗೇ ಕರಗಿ ಹೋದಂತೆ ಕಾಣುವುದರಿಂದ ಎಲ್ಲಿ ಯಾವುದು ಮುಗಿಯಿತೆಂದು ಬೆರಳಿಟ್ಟು ತೋರಿಸಲಾಗದು. ಪಾಲಕ್‌ನಲ್ಲಿ ಇಂಥ ಸೇರುವ ಜಾಗವೇ ಇಲ್ಲ, ಉದ್ದ ತೊಟ್ಟುಗಳೆಲ್ಲ ನೆಲಮಟ್ಟದ ಒಂದೇ ಬುಡದಿಂದ ಹೊರಡುತ್ತವೆ, ಅವುಗಳ ಒಳಮುಖದಲ್ಲಿ ಸಣ್ಣ ಕಾಲುವೆಯಂಥ ಗೀರು ಇರುತ್ತದೆ.

ಎರಡನೆಯದಾಗಿ ಎಲೆಯ ಬೆನ್ನು. ಹರಿವೆಯ ಎಲೆಯನ್ನು ಮಗುಚಿದರೆ ನರಗಳು ಹಗ್ಗದಂತೆ ಎದ್ದು ನಿಂತಿರುತ್ತವೆ, ಬಸಳೆಯ ಬೆನ್ನು ನಯವಾಗಿದ್ದು ನಡುನರವನ್ನು ಬಿಟ್ಟರೆ ಉಳಿದವು ಮಾಂಸದೊಳಗೆ ಹುದುಗಿ ಹೋಗಿರುತ್ತವೆ. ಹರಿವೆಯ ಅನೇಕ ತಳಿಗಳಲ್ಲಿ ಎಲೆಯ ತುದಿ ಒಂದಿಷ್ಟು ಒಳಗೆ ಕಚ್ಚಿದಂತಿದ್ದು, ಆ ಕಚ್ಚಿನಲ್ಲಿ ಕೂದಲಿನಷ್ಟು ಸಣ್ಣ ಮುಳ್ಳಿನಂಥದ್ದು ಕಾಣುತ್ತದೆ. ಕಂಡರೆ ಅದು ಗಟ್ಟಿ ಸಾಕ್ಷಿ, ಕಾಣದಿದ್ದರೆ ಹರಿವೆಯಲ್ಲ ಎಂದು ತೀರ್ಮಾನಿಸಬೇಡಿ.

ಮೈಸೂರಿನಿಂದ ಅವರೇ: ಕೆಂಪು ಬಸಳೆಯನ್ನು ನಾನು ಕಂಡಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಪಾಲಕ್ ಎಲೆಯ ಬಾಣದ ಆಕಾರದ ಬಗ್ಗೆ ತಾವು ಏನನ್ನೂ ಹೇಳಲಿಲ್ಲ.

ಕಾರ್ಕಳದವರು: ಬಾಣದಂಥ ಎಲೆ ಇರುವುದು ಉತ್ತರ ಭಾರತದಲ್ಲಿ ವಿಲಾಯತಿ ಪಾಲಕ್ ಎಂದು ಕರೆಯುವ ಗಿಡಕ್ಕೆ. ನಮ್ಮ ಸಂತೆಗಳಿಗೆ ಹೆಚ್ಚಾಗಿ ಬರುವ ಪಾಲಕ್ ಬೀಟ್‌ರೂಟಿನ ಜಾತಿಯದೇ ಆಗಿದ್ದು, ಅದರ ಎಲೆ ನಾಲಿಗೆಯಂತೆ ಉದ್ದವಾಗಿ, ಬುಡದಲ್ಲಿ ಚಾಚು ಇಲ್ಲದೆ, ಅಂಚು ಅಲೆಅಲೆಯಾಗಿ ಇರುತ್ತದೆ. ಅರ್ಕಾ ಅನುಪಮಾ ಬೆಳೆದವರಿಗೆ ಆ ಅಗಲವಾದ ಕಡು ಹಸಿರು ಎಲೆ ಚೆನ್ನಾಗಿ ಪರಿಚಯವಿರುತ್ತದೆ. ಬಾಣ ಹುಡುಕಿಕೊಂಡು ಕೂತರೆ ಒಳ್ಳೆಯ ಪಾಲಕ್ ಕಟ್ಟನ್ನೇ ಬೇಡವೆಂದು ಬಿಡುವ ಸಂಭವವಿದೆ. ಒಂದು ಎಚ್ಚರಿಕೆ: ಹೂಬಿಡಲು ಹೊರಟ ಬಲಿತ ಪಾಲಕ್ ನಡುವಿನಿಂದ ಕಾಂಡ ಎಬ್ಬಿಸುತ್ತದೆ, ಅದರ ಮೇಲಿನ ಎಲೆಗಳು ಕಿರಿದಾಗುತ್ತವೆ, ಆಗ ಅದರ ಫೋಟೋ ಹಸಿರು ದಂಟಿನಂತೆಯೇ ಕಾಣುತ್ತದೆ.

ತುಮಕೂರಿನ ತಾರಸಿ ತೋಟದವರು: ನನ್ನ ಕುಂಡದಲ್ಲೂ ಇದೇ ಗೊಂದಲವಾಗಿತ್ತು. ಮೂರನ್ನೂ ಒಂದೇ ದಿನ ಬಿತ್ತಿ ಹೆಸರಿನ ಚೀಟಿ ಮಳೆಗೆ ಕೊಚ್ಚಿ ಹೋಯಿತು. ಬೀಜ ನೋಡಿದರೆ ಸಂಶಯವೇ ಇಲ್ಲ: ದಂಟಿನದು ಸಾಸಿವೆಗಿಂತಲೂ ಸಣ್ಣದಾದ ಹೊಳೆಯುವ ಕಪ್ಪು ಬೀಜ, ಬಸಳೆಯದು ಕಾಳುಮೆಣಸಿನಷ್ಟು ದುಂಡಗೆ, ಪಾಲಕ್‌ನದು ಬೆಂಡಿನಂಥ ಒರಟು ಗಂಟು. ಆ ಗಂಟಿನಲ್ಲಿ ಒಂದಕ್ಕಿಂತ ಹೆಚ್ಚು ಬೀಜಗಳಿರುವುದರಿಂದ ಒಂದೇ ಕಡೆ ಎರಡು ಮೂರು ಸಸಿ ಒಟ್ಟಾಗಿ ಬಂದರೆ ಅದು ಪಾಲಕ್ ಎಂದು ಗುರುತಿಸಿ ಬಿಡಿಸಿ ನೆಟ್ಟೆ.

ಕೇಳಿದವರು: ತಮ್ಮ ಮಾಹಿತಿ ಉಪಯುಕ್ತವಾಗಿದೆ ಸರ್, ಬಿತ್ತುವಾಗ ನೆನಪಿಡುತ್ತೇನೆ. ನನ್ನ ತೊಂದರೆ ಕೊಯ್ದು ಕಟ್ಟಿದ ಸೊಪ್ಪಿನದು. ಕಾರ್ಕಳದವರು ಹೇಳಿದ ತೊಟ್ಟಿನ ಜಾಗವನ್ನು ಇವತ್ತಿನ ಫೋಟೋದಲ್ಲಿ ಹಿಗ್ಗಿಸಿ ನೋಡಿದೆ, ಮಸುಕಾಗಿ ಏನೂ ತಿಳಿಯಲಿಲ್ಲ. ಹಳದಿ ಬಲ್ಬಿನ ಕೆಳಗೆ ತೆಗೆದದ್ದು, ಕೆಂಪೆಲ್ಲ ಕಂದಾಗಿ ಕಾಣುತ್ತಿದೆ.

ಶಿವಮೊಗ್ಗದ ಛಾಯಾಗ್ರಾಹಕರು: ಸೊಪ್ಪಿನ ವಿಷಯದಲ್ಲಿ ನಾನು ನಿಮ್ಮಷ್ಟೇ ಹೊಸಬ, ಫೋಟೋದ ವಿಷಯವನ್ನಷ್ಟೇ ಹೇಳುತ್ತೇನೆ. ವಾಟ್ಸಾಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದರೆ ಚಿತ್ರ ಕುಗ್ಗಿ ನರಗಳಂಥ ಸೂಕ್ಷ್ಮ ಗೆರೆಗಳೇ ಮಾಯವಾಗುತ್ತವೆ, ಆದ್ದರಿಂದ ಡಾಕ್ಯುಮೆಂಟ್ ಆಗಿ ಕಳಿಸಲು ಅವರಿಗೆ ಹೇಳಿ. ಸೊಪ್ಪಿನ ಪಕ್ಕದಲ್ಲಿ ಒಂದು ಬಿಳಿ ಕಾಗದ ಇಡಿಸಿರಿ. ಫೋಟೋದಲ್ಲಿ ಕಾಗದವೇ ಹಳದಿಯಾಗಿದ್ದರೆ ಕಾಂಡದ ಬಣ್ಣದ ಬಗ್ಗೆ ಯಾವ ತೀರ್ಮಾನವನ್ನೂ ಮಾಡಬಾರದು ಎಂದು ನಿಮಗೆ ತಾನಾಗಿಯೇ ತಿಳಿಯುತ್ತದೆ. ಹೊಳಪಿನ ಬಗ್ಗೆಯೂ ಜಾಗ್ರತೆ ಇರಲಿ, ನೀರು ಚಿಮುಕಿಸಿದ ಎಲೆ ಯಾವುದಾದರೂ ಫ್ಲ್ಯಾಶಿಗೆ ಬೆಳ್ಳಗೆ ಹೊಳೆಯುತ್ತದೆ.

ಕಾರ್ಕಳದವರು: ಹೊಳಪಿನ ಮಾತು ಬಹಳ ಸರಿ, ನಾನೇ ಹೇಳಬೇಕಾಗಿತ್ತು. ನೀರು ಆರಿದ ಎಲೆಯಲ್ಲಿ ಮಾತ್ರ ಬಸಳೆಯ ಮೇಣದಂಥ ಹೊಳಪು ನಂಬಲು ಅರ್ಹ. ಇನ್ನು ಎಲೆ ಮಸುಕಾಗಿದ್ದರೂ ಕಟ್ಟಿನ ರೂಪ ಕಾಣುತ್ತದಲ್ಲ, ಅದನ್ನು ನೋಡಿ. ಹರಿವೆಯ ಕಾಂಡ ಬುಡದಲ್ಲಿ ದಪ್ಪವಾಗಿ ಮೇಲಕ್ಕೆ ಸಪೂರವಾಗುತ್ತದೆ, ನೇರವಾಗಿ ನಿಲ್ಲುತ್ತದೆ, ಉದ್ದಕ್ಕೆ ಗೀರುಗಳಿರುತ್ತವೆ, ಹಲವು ಸಲ ಬೇರಿನ ಸಮೇತ ಬರುತ್ತದೆ. ಬಸಳೆ ಬಳ್ಳಿಯಾದ್ದರಿಂದ ಕಡಿದ ತುಂಡಿನ ಎರಡು ತುದಿಗಳ ದಪ್ಪದಲ್ಲಿ ಹೆಚ್ಚಿನ ವ್ಯತ್ಯಾಸವಿರುವುದಿಲ್ಲ, ಚಪ್ಪರಕ್ಕೆ ಸುತ್ತಿಕೊಂಡಿದ್ದ ಬಾಗು ಕಟ್ಟಿನಲ್ಲೂ ಉಳಿದಿರುತ್ತದೆ, ಮೈ ನುಣ್ಣಗಿರುತ್ತದೆ. ಎಲೆಯ ಕಂಕುಳಲ್ಲಿ ಬಿಳಿ ಅಥವಾ ನಸುಗೆಂಪು ಮಣಿಗಳ ಸಣ್ಣ ಗೊಂಚಲು ಕಂಡರೆ, ಇಲ್ಲವೇ ಕಪ್ಪು ನೇರಳೆ ಹಣ್ಣು ಕಂಡರೆ, ಅದು ಬಸಳೆಯೇ. ಸಾಧ್ಯವಾದರೆ ಒಂದು ಕಾಂಡವನ್ನು ಮುರಿದು ಎಳೆದ ಫೋಟೋ ಕೇಳಿ. ಬಸಳೆಯಾದರೆ ಮುರಿದ ತುದಿಗಳ ನಡುವೆ ಲೋಳೆಯ ಎಳೆ ಹಿಗ್ಗುತ್ತದೆ, ಹರಿವೆಯಾದರೆ ನಾರು ಸುಲಿಯುತ್ತದೆ.

ಕೇಳಿದವರು, ಎರಡು ದಿನಗಳ ಬಳಿಕ: ರೈತರು ಬಹಳ ಸೌಜನ್ಯದಿಂದ ಬಿಳಿ ಕಾಗದದ ಮೇಲೆ ನಾಲ್ಕು ಕಟ್ಟುಗಳನ್ನು ಬೇರೆ ಬೇರೆಯಾಗಿ ಇಟ್ಟು, ಬೆಳಕು ಹರಿದ ಮೇಲೆ ಫೋಟೋ ತೆಗೆದು ಕಳಿಸಿದರು. ನನಗೆ ತಿಳಿದಂತೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. ಒಂದನೆಯದರ ಕಾಂಡ ನೇರಳೆ ಕೆಂಪು, ಎಲೆಯ ಮೇಲ್ಮೈ ಹಸಿರು, ತೊಟ್ಟು ನನ್ನ ಕಿರುಬೆರಳಿನ ಉಗುರಿನಷ್ಟು ಗಿಡ್ಡ, ಕಾಂಡ ಎರಡು ಕಡೆ ಬಾಗಿದೆ: ಬಸಳೆ. ಹಿಂದಿನ ವಾರ ನಾನು ಮೋಸ ಹೋದದ್ದು ಇದಕ್ಕೇ. ಎರಡನೆಯದರ ಕಾಂಡವೂ ಅದೇ ಬಣ್ಣ, ಆದರೆ ತೊಟ್ಟು ಎಲೆಯ ಅರ್ಧಕ್ಕಿಂತ ಉದ್ದ, ಮಗುಚಿದ ಒಂದು ಎಲೆಯಲ್ಲಿ ನರಗಳು ಎದ್ದು ಕಾಣುತ್ತಿವೆ, ಬೇರು ನಸುಗೆಂಪು: ದಂಟು. ಮೂರನೆಯದರಲ್ಲಿ ಕಾಂಡವಿಲ್ಲ, ತೊಟ್ಟುಗಳೆಲ್ಲ ಒಂದೇ ಬುಡದಿಂದ ಬಂದಿವೆ, ಬುಡ ಸ್ವಲ್ಪ ಕೆಂಪು: ಪಾಲಕ್. ಎರಡನೆಯದನ್ನು ತರಿಸಿ ಪಲ್ಯ ಮಾಡಿದೆ, ಲೋಳೆಯಿಲ್ಲ. ನಾಲ್ಕನೆಯದು ಮಾತ್ರ ತಿಳಿಯುತ್ತಿಲ್ಲ. ಬೆರಳಿನಷ್ಟು ಉದ್ದದ ಎಳೆಯ ಹಸಿರು ಎಲೆಗಳು, ಕಾಂಡವನ್ನೂ ಬೇರನ್ನೂ ಕತ್ತರಿಸಿ ತೆಗೆದಿದ್ದಾರೆ.

ಮಂಗಳೂರಿನಿಂದ ಒಬ್ಬರು: ಅದು ನೆಲಬಸಳೆ ಇರಬಹುದು. ನಮ್ಮ ಹಿತ್ತಲಿನಲ್ಲಿ ನೆಟ್ಟಗೆ ಬೆಳೆದು ಗುಲಾಬಿ ಹೂ ಬಿಡುತ್ತದೆ, ಎಲೆ ಬಸಳೆಯಂತೆಯೇ ದಪ್ಪ, ಬಳ್ಳಿಯಿಲ್ಲ.

ಕಾರ್ಕಳದವರು: ನೆಲಬಸಳೆಯ ಎಲೆ ಬುಡದಲ್ಲಿ ಕಿರಿದು, ತುದಿಯ ಕಡೆಗೆ ಅಗಲ, ಸೌಟಿನಂತೆ. ಅವರ ಚಿತ್ರದಲ್ಲಿ ಬುಡವೇ ಅಗಲವಾಗಿದೆ, ಆದ್ದರಿಂದ ನೆಲಬಸಳೆ ಆಗಿರಲಾರದು. ಎಳೆಯ ಹರಿವೆ ಎಂದು ನನ್ನ ಊಹೆ, ಆದರೆ ಕಾಂಡ, ಬೇರು ಕತ್ತರಿಸಿದ ಎಳೆ ಎಲೆಯನ್ನು ಮೇಲ್ಮೈ ಮಾತ್ರ ನೋಡಿ ಖಚಿತವಾಗಿ ಹೇಳಲು ನನ್ನಿಂದ ಆಗದು.

ಧಾರವಾಡದಿಂದ ಒಬ್ಬರು: ನಮ್ಮ ಕಡೆ ಇಂಥದನ್ನು ಕಿರಕಸಾಲಿ ಎಂದು ಮಾರುತ್ತಾರೆ, ರಾಜಗಿರಿಯನ್ನು ಬೇರೆಯೇ ಕಟ್ಟು ಕಟ್ಟುತ್ತಾರೆ. ನಿಮ್ಮ ಕಡೆಯ ಹರಿವೆ, ದಂಟು ಎರಡೂ ಇವೆರಡರಲ್ಲಿ ಯಾವುದು ಎಂದು ನಾನು ನನ್ನ ಅತ್ತೆಯವರ ಹತ್ತಿರ ಕೇಳಿದೆ, ಅವರು ಎರಡೂ ಬೇರೆಯೇ ಎನ್ನುತ್ತಾರೆ, ನಮ್ಮ ಸೊಪ್ಪಿನಾಕೆ ಎರಡೂ ಒಂದೇ ಎನ್ನುತ್ತಾಳೆ.

ಕೇಳಿದವರು: ನಾಳೆ ಬರುವ ನಾಲ್ಕನೆಯ ಕಟ್ಟಿನಲ್ಲಿ ಎರಡು ಗಿಡಗಳನ್ನು ಬೇರಿನ ಸಮೇತ ಬಿಡಲು ಮತ್ತು ಒಂದು ಎಲೆಯನ್ನು ಮಗುಚಿ ಇಡಲು ರೈತರಿಗೆ ಹೇಳಿದ್ದೇನೆ. ಫೋಟೋ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ, ಧಾರವಾಡದವರು ತಮ್ಮ ಅತ್ತೆಯವರಿಗೂ ಒಮ್ಮೆ ತೋರಿಸಿ.