ಅದು ಹೃದಯದ ಲೆಕ್ಕ ಅಲ್ಲ, ಹೆಜ್ಜೆಯ ಲೆಕ್ಕ

"ಓಡುವಾಗ ವಾಚು 172 ತೋರಿಸ್ತು ಕಣೋ. ನನಗೆ 52 ವಯಸ್ಸು. ಆದ್ರೆ ಮಾತಾಡ್ಕೊಂಡೇ ಓಡ್ತಿದ್ದೆ, ಅಷ್ಟೇನೂ ಏದುಸಿರು ಇರಲಿಲ್ಲ. ಹೃದಯ ಕೆಟ್ಟಿದೆಯಾ, ವಾಚು ಕೆಟ್ಟಿದೆಯಾ?"

ಚಿಕ್ಕಪ್ಪ, ವಾಯ್ಸ್ ಮೆಸೇಜ್ ಕಳಿಸಿದರೆ ಅರ್ಧಕ್ಕೇ ನಿಲ್ಲಿಸುತ್ತೀರಿ, ಅದಕ್ಕೆ ಬರೆದೇ ಹೇಳುತ್ತಿದ್ದೇನೆ. ನೀವು ಕಳಿಸಿದ ಗ್ರಾಫ್ ನೋಡಿದರೆ ಎರಡೂ ಕೆಟ್ಟ ಹಾಗೆ ಕಾಣುವುದಿಲ್ಲ. ವಾಚು ನಿಮ್ಮ ಹೃದಯ ಬಿಟ್ಟು ಕಾಲನ್ನು ಎಣಿಸಿದೆ, ಅಷ್ಟೇ.

ವಾಚಿನ ಹಿಂಬದಿಯಲ್ಲಿ ಹಸಿರು ದೀಪ ಮಿನುಗುತ್ತದಲ್ವಾ, ಆ ಬೆಳಕು ಚರ್ಮದೊಳಗೆ ಒಂದೆರಡು ಮಿಲಿಮೀಟರ್ ಹೋಗಿ ವಾಪಸ್ ಬರುತ್ತದೆ. ರಕ್ತ ಹಸಿರನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಬಡಿದಾಗ ಚರ್ಮದ ಸಣ್ಣ ನಾಳಗಳಿಗೆ ಸ್ವಲ್ಪ ಜಾಸ್ತಿ ರಕ್ತ ಬರುತ್ತದೆ, ವಾಪಸ್ ಬರುವ ಬೆಳಕು ಸ್ವಲ್ಪ ಕಮ್ಮಿಯಾಗುತ್ತದೆ. ದೀಪದ ಪಕ್ಕದ ಸೆನ್ಸರ್ ಈ ಏರಿಳಿತ ಎಣಿಸುತ್ತದೆ. ತೊಂದರೆ ಏನೆಂದರೆ, ಏರಿಳಿತ ತೀರಾ ಚಿಕ್ಕದು. ಬೆಳಕಿನ ಬಹುಪಾಲು ಚರ್ಮ, ಮಾಂಸಕ್ಕೆ ತಾಗಿ ಸುಮ್ನೆ ವಾಪಸ್ ಬಂದದ್ದು. ನಾಡಿಯಿಂದಾಗುವ ವ್ಯತ್ಯಾಸ ಸಾಮಾನ್ಯವಾಗಿ ನೂರರಲ್ಲಿ ಒಂದೆರಡು ಪಾಲು.

ಸುಮ್ಮನೆ ಕೂತಾಗ ಅದೇ ಸಾಕು. ಓಡುವಾಗ ಪ್ರತಿ ಹೆಜ್ಜೆಗೂ ಕೈ ಅದುರುತ್ತದೆ, ವಾಚು ಚೂರು ಜಾರುತ್ತದೆ, ಕೈಯಲ್ಲಿರುವ ರಕ್ತವೂ ತುಳುಕುತ್ತದೆ. ಬಿಂದಿಗೆ ಹೊತ್ತು ನಡೆದರೆ ನೀರು ತುಳುಕುವ ಹಾಗೆ. ಈ ತುಳುಕಾಟ ನಾಡಿಗಿಂತ ಎಷ್ಟೋ ದೊಡ್ಡದು. ವಾಚಿನಲ್ಲಿ ಅಲುಗಾಟ ಅಳೆಯುವ ಇನ್ನೊಂದು ಸೆನ್ಸರ್ ಇದೆ. ಅದು ಹೇಳಿದ್ದನ್ನು ಕಳೆದು, ಉಳಿದದ್ದರಲ್ಲಿ ನಾಡಿ ಹುಡುಕುವುದು ವಾಚಿನ ಕೆಲಸ. ಬೆಳಗಿನ ಚಳಿಗೆ ಚರ್ಮದ ನಾಳಗಳು ಬಿಗಿದುಕೊಂಡಿದ್ದರೆ ನಾಡಿಯ ಗುರುತು ಇನ್ನೂ ತೆಳುವಾಗುತ್ತದೆ. ಆಗ ಎದ್ದು ಕಾಣುವ ತಾಳ ಹೆಜ್ಜೆಯದು ಮಾತ್ರ. ವಾಚು ಅದನ್ನೇ ಹಿಡಿದುಕೊಳ್ಳುತ್ತದೆ. ಹೃದಯದ ಬಡಿತ ದಿಢೀರೆಂದು ಬದಲಾಗುವುದಿಲ್ಲ ಎಂದು ಅದಕ್ಕೆ ಹೇಳಿಕೊಟ್ಟಿರುವುದರಿಂದ, ಒಮ್ಮೆ ತಪ್ಪು ತಾಳ ಹಿಡಿದರೆ ಬೇಗ ಬಿಡುವುದೂ ಇಲ್ಲ.

ಈಗ ನಿಮ್ಮ ಗ್ರಾಫ್ ನೋಡಿ. ನಡೆಯುವಾಗ 105. ಓಡಲು ಶುರು ಮಾಡಿ ಒಂದು ನಿಮಿಷದೊಳಗೆ 170 ದಾಟಿದೆ. ಆಮೇಲೆ ಇಪ್ಪತ್ತು ನಿಮಿಷ 170ರಿಂದ 173, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ಕೆರೆ ಏರಿ ಹತ್ತುವಾಗಲೂ ಏರಿಲ್ಲ, ಇಳಿಯುವಾಗಲೂ ಇಳಿದಿಲ್ಲ. ಎಳನೀರಿಗೆ ನಿಂತಿರಿ, ಹತ್ತೇ ಸೆಕೆಂಡಿನಲ್ಲಿ 128! ಹೃದಯ ಹಾಗೆ ಇಳಿಯುವುದಿಲ್ಲ ಚಿಕ್ಕಪ್ಪ, ಕಾಲು ಮಾತ್ರ ಹಾಗೆ ನಿಲ್ಲುತ್ತದೆ. ಅದೇ ಆ್ಯಪಿನಲ್ಲಿ ಕೆಳಗೆ ಕೇಡೆನ್ಸ್ ಅಂತ ಇದೆಯಲ್ಲ, ನಿಮಿಷಕ್ಕೆ ಎಷ್ಟು ಹೆಜ್ಜೆ ಎನ್ನುವುದು, ಅಲ್ಲಿ 172 ಇದೆ. ಎರಡು ಗೆರೆ ಒಂದರ ಮೇಲೊಂದು ಕೂತಿವೆ.

(ಒಂದೊಂದು ಸಲ ಉಲ್ಟಾನೂ ಆಗುತ್ತದೆ. ಕೈ ಒಂದು ಸಲ ಮುಂದೆ ಹೋಗಿ ಹಿಂದೆ ಬರುವುದರೊಳಗೆ ಎರಡು ಹೆಜ್ಜೆ ಆಗಿರುತ್ತದೆ. ಹಾಗಾಗಿ ಕೈಬೀಸನ್ನೇ ಹಿಡಿದರೆ ವಾಚು ಅರ್ಧ, ಅಂದರೆ 86 ತೋರಿಸಬಹುದು. ನನಗೆ ಹೀಗಾದಾಗ ಎಷ್ಟು ಫಿಟ್ ಆಗಿಬಿಟ್ಟೆ ಎಂದು ಒಂದು ವಾರ ಬೀಗಿದ್ದೆ.)

ನಾಳೆ ಹೀಗೆ ಮಾಡಿ. ವಾಚನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ, ಜಾರದ ಹಾಗೆ ಕಟ್ಟಿ. ರಾತ್ರಿ ಬೆರಳು ತೂರುವಷ್ಟು ಸಡಿಲ ಇರಲಿ, ಓಡುವಾಗ ಬೇಡ. ಹತ್ತು ನಿಮಿಷ ಚುರುಕಾಗಿ ನಡೆದು ಮೈ ಬಿಸಿಯಾದ ಮೇಲೆ ಓಡಿ. ಮಧ್ಯೆ 172 ಕಂಡರೆ ನಿಂತುಬಿಡಿ, ಕತ್ತಿನ ಒಂದೇ ಪಕ್ಕಕ್ಕೆ ಎರಡು ಬೆರಳು ಹಗುರವಾಗಿ ಇಟ್ಟು ತಕ್ಷಣ 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. 34 ಬಡಿತ ಸಿಕ್ಕರೆ 136. ಒಂದು ಬಡಿತ ತಪ್ಪಿದರೂ ಲೆಕ್ಕ 4 ಹೆಚ್ಚುಕಮ್ಮಿ ಆಗುತ್ತದೆ, ಅದಿರಲಿ, 136ಕ್ಕೂ 172ಕ್ಕೂ ಇರುವ ಅಂತರ ಅದರಲ್ಲಿ ಮುಚ್ಚಿಹೋಗುವುದಿಲ್ಲ. ತಡ ಮಾಡಬೇಡಿ, ನಿಂತ ಮೇಲೆ ನಿಜವಾದ ಬಡಿತವೂ ಇಳಿಯುತ್ತಾ ಹೋಗುತ್ತದೆ.

ಬೆರಳಿಗೂ 42, 43 ಸಿಕ್ಕರೆ, ಅಥವಾ ತಾಳ ತಪ್ಪಿದ ಹಾಗೆ ಅನಿಸಿದರೆ, ಡಾಕ್ಟರ್ ಹತ್ತಿರ ಹೋಗೋಣ, ನಾನೇ ಕರೆದುಕೊಂಡು ಹೋಗುತ್ತೇನೆ. ಎದೆನೋವು, ತಲೆಸುತ್ತು ಬಂದರೆ ಎಣಿಸುತ್ತಾ ಕೂರಬೇಡಿ, ಓಟ ನಿಲ್ಲಿಸಿ ಸೀದಾ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ನನ್ನ ಎದೆಪಟ್ಟಿ ಇದೆ. ಅದು ಬೆಳಕು ನೋಡುವುದಿಲ್ಲ, ಹೃದಯದ ವಿದ್ಯುತ್ತನ್ನೇ ಹಿಡಿಯುತ್ತದೆ, ಹೆಜ್ಜೆಗೆ ಅಷ್ಟು ಸುಲಭವಾಗಿ ಮೋಸ ಹೋಗುವುದಿಲ್ಲ. ಭಾನುವಾರ ತರುತ್ತೇನೆ. ಕಟ್ಟುವ ಮುಂಚೆ ಒಳಗಿನ ಪ್ಯಾಡ್ ಒದ್ದೆ ಮಾಡಬೇಕು, ಒಣಗಿದ್ದರೆ ಅದೂ ಏನೇನೋ ಹೇಳುತ್ತದೆ.