ಬಿಲ್ ಶೇ. 20 ಏರಿದರೆ ಅಕೌಂಟ್ಸ್ ವಿಭಾಗದ ಬಜೆಟ್ ಎಷ್ಟು ಏರಬೇಕು?

ಕೇಳಿದವರು, ಬದಿಯಡ್ಕ: ಅಡಿಕೆ ಖರೀದಿ ಸಂಸ್ಥೆಯೊಂದರ ಅಕೌಂಟ್ಸ್ ವಿಭಾಗ ನೋಡಿಕೊಳ್ಳುತ್ತೇನೆ. ನನ್ನ ಕೈಕೆಳಗೆ ಐದು ಜನ, ಅವರ ಖರ್ಚು ವರ್ಷಕ್ಕೆ ಸುಮಾರು 15 ಲಕ್ಷ. ಕಳೆದ ವರ್ಷ 20,000 ಖರೀದಿ ಬಿಲ್ ಆಗಿತ್ತು, ಬರುವ ವರ್ಷ 24,000 ಅಂದಾಜು. ಈ ಸಲ ಬಜೆಟ್ ಕೆಲಸದ ಲೆಕ್ಕದಲ್ಲಿ ಮಾಡಿ ಅಂದಿದ್ದಾರೆ. ಹೇಗೆ ಮಾಡಿದ್ದೀರಿ?

ಉಪ್ಪಳ: ಸುಲಭ ಅಲ್ವಾ? 15 ಲಕ್ಷವನ್ನು 20,000ದಿಂದ ಭಾಗಿಸಿ, ಬಿಲ್ಲಿಗೆ 75 ರೂಪಾಯಿ. ಅದನ್ನು 24,000ದಿಂದ ಗುಣಿಸಿ, 18 ಲಕ್ಷ. ನಾವು ಹೀಗೇ ಕೊಡುತ್ತೇವೆ, ಯಾರೂ ತಕರಾರು ಮಾಡಿಲ್ಲ.

ಕುಂಬಳೆ, ನಿವೃತ್ತ ಕಾಸ್ಟ್ ಅಕೌಂಟೆಂಟ್: ಕೆಲಸದ ಪ್ರಮಾಣದಿಂದ ಹೊರಡುವುದು ಸರಿ. ಆದರೆ ಆ 75 ರೂಪಾಯಿಯಲ್ಲಿ ಕಳೆದ ವರ್ಷ ಖಾಲಿ ಕೂತ ಸಮಯವೂ ಸೇರಿದೆ ಮಾರಾಯ್ರೆ. ಅದನ್ನೂ ಗುಣಿಸಿ ಮತ್ತೆ ಕೇಳಿದ ಹಾಗಾಯಿತು. ಜೊತೆಗೆ ವಿಭಾಗ ಮಾಡುವುದು ಬಿಲ್ ಕೆಲಸ ಒಂದೇ ಅಲ್ಲ. ಹೊಸ ರೈತರ ಖಾತೆ ಸೇರಿಸುವುದು, ತಾಳೆಯಾಗದ ಬಿಲ್ ತಿದ್ದುವುದು ಇದ್ದೇ ಇರುತ್ತದೆ.

ಮೊದಲು ಒಂದೊಂದಕ್ಕೂ ಎಷ್ಟು ನಿಮಿಷ ಬೇಕು ಅಂತ ಪಕ್ಕದಲ್ಲಿ ಕೂತು ಎರಡು ವಾರ ನೋಡಿ. ಕೇಳಬೇಡಿ. ಕೇಳಿದರೆ ಎಲ್ಲರ ದಿನವೂ ಪೂರ್ತಿ ತುಂಬಿರುತ್ತದೆ! ಉದಾಹರಣೆಗೆ ಬಿಲ್ಲಿಗೆ 12 ನಿಮಿಷ, ಹೊಸ ಖಾತೆಗೆ 40, ತಿದ್ದುಪಡಿಗೆ 30 ಅಂತಿಟ್ಟುಕೊಳ್ಳಿ. 24,000 ಬಿಲ್ಲಿಗೆ 4,800 ಗಂಟೆ. 900 ಖಾತೆಗೆ 600, 3,000 ತಿದ್ದುಪಡಿಗೆ 1,500. ಒಟ್ಟು 6,900 ಗಂಟೆ.

ಇನ್ನು ಜನರ ಕಡೆ. ರಜೆ, ಊಟ, ಚಹಾ ಬಿಟ್ಟರೆ ಒಬ್ಬರಿಂದ ವರ್ಷಕ್ಕೆ 280 ದಿನ, ದಿನಕ್ಕೆ 6 ಗಂಟೆ, ಅಂದರೆ 1,680 ಗಂಟೆ. ಸಂಬಳ, ಪಿಎಫ್, ಓಣಂ ಬೋನಸ್ ಸೇರಿ ಒಬ್ಬರಿಗೆ 3,02,400 ರೂಪಾಯಿಯಾದರೆ, ಗಂಟೆಗೆ 180. ಬಿಲ್ಲಿಗೆ 36 ರೂಪಾಯಿ, ಖಾತೆಗೆ 120, ತಿದ್ದುಪಡಿಗೆ 90. ಐದು ಜನರ ಹತ್ತಿರ 8,400 ಗಂಟೆ ಇದೆ. 24,000 ಬಿಲ್ ಬಂದರೂ 1,500 ಗಂಟೆ, ಅಂದರೆ 2.7 ಲಕ್ಷ ರೂಪಾಯಿಯ ಸಮಯ, ಮಿಕ್ಕುತ್ತದೆ. ಅದನ್ನು ಬಿಲ್ಲಿನ ದರದಲ್ಲಿ ಮುಚ್ಚಿಡಬೇಡಿ, ಬೇರೆ ಸಾಲಿನಲ್ಲಿ ತೋರಿಸಿ.

ಮಂಜೇಶ್ವರ, ಆಸ್ಪತ್ರೆ ಲ್ಯಾಬ್: ನಮ್ಮಲ್ಲಿ ಒಂದು ಪರೀಕ್ಷೆಗೆ ಇಷ್ಟು ಅಂತ ವಾರ್ಡುಗಳ ಹೆಸರಿಗೆ ಖರ್ಚು ಹಾಕುತ್ತಾರೆ. ವಾರ್ಡಿನವರು ದಿನಾ ಜಗಳ. ನೀವೂ ಖರ್ಚನ್ನು ಖರೀದಿ ಡಿಪೋಗಳ ಹೆಸರಿಗೆ ಹಾಕ್ತೀರಾ?

ಕೇಳಿದವರು, ಬದಿಯಡ್ಕ: ಇಲ್ಲ ಅಕ್ಕ, ಡಿಪೋಗಳಿಗೆ ಹಂಚುವುದಿಲ್ಲ. ನಮ್ಮ ಬಜೆಟ್ ಎಷ್ಟಿರಬೇಕು ಅನ್ನುವುದಷ್ಟೇ. ಕುಂಬಳೆಯವರೇ, ನೀವು ಹಾಕಿದ ಅಂಕಿ ನಮ್ಮದಕ್ಕೆ ತುಂಬ ಹತ್ತಿರ ಇದೆ. ಆದರೆ ಸಮಯ ಮಿಕ್ಕುತ್ತದೆ ಅಂದರೆ ಒಬ್ಬರನ್ನು ತೆಗೀರಿ ಅಂತಾರೆ. ಸೀಸನ್ನಿನಲ್ಲಿ ನಾವು ರಾತ್ರಿ ಎಂಟರವರೆಗೆ ಕೂರುತ್ತೇವೆ!

ಕುಂಬಳೆ, ನಿವೃತ್ತ ಕಾಸ್ಟ್ ಅಕೌಂಟೆಂಟ್: ಇದೇ ಮುಖ್ಯ. ವರ್ಷದ ಒಟ್ಟು ಲೆಕ್ಕ ಮೋಸ ಮಾಡುತ್ತದೆ. ಸೀಸನ್ನಿನ ಮೂರು ತಿಂಗಳಲ್ಲಿ ಬಿಲ್ ಮತ್ತು ತಿದ್ದುಪಡಿ ಶೇ. 40, ಹೊಸ ಖಾತೆ ಅರ್ಧ ಬಂದರೆ ಬೇಕಾದದ್ದು 1,920, 600, 300. ಒಟ್ಟು 2,820 ಗಂಟೆ. ಐವರ ಹತ್ತಿರ ಇರುವುದು 2,100. 720 ಗಂಟೆ ಸಾಲದು. ಮಳೆಗಾಲದಲ್ಲಿ ಮಿಕ್ಕ ಗಂಟೆಯನ್ನು ಸೀಸನ್ನಿಗೆ ತರಲಾಗುವುದಿಲ್ಲವಲ್ಲ. ಹಾಗಾಗಿ ಆ ಮೂರು ತಿಂಗಳಿಗೆ, ಒಬ್ಬರಿಂದ 420 ಗಂಟೆಯಂತೆ, ಇಬ್ಬರು ತಾತ್ಕಾಲಿಕದವರು. ತಿಂಗಳಿಗೆ 18,000 ಕೊಟ್ಟರೆ 1,08,000. ಐವರ 15.12 ಲಕ್ಷ ಸೇರಿ ಬಜೆಟ್ 16.2 ಲಕ್ಷ. ಹದಿನೆಂಟೂ ಅಲ್ಲ, ನಾಲ್ಕು ಜನರದ್ದೂ ಅಲ್ಲ. ನಿಮ್ಮ ಸಂಬಳ, ಬಾಡಿಗೆ, ಸಾಫ್ಟ್‌ವೇರ್ ಖರ್ಚು ಬಿಲ್ಲಿನ ಸಂಖ್ಯೆಯ ಜೊತೆ ಏರುವುದಿಲ್ಲ. ಅವನ್ನು ಹಾಗೇ ಸೇರಿಸಿ.

ಪೆರ್ಲ: ತಾತ್ಕಾಲಿಕದವರಿಗೆ 12 ನಿಮಿಷದಲ್ಲಿ ಬಿಲ್ ಮುಗಿಯಲ್ಲ ಸಾರ್. ಮೊದಲ ತಿಂಗಳು 20 ಹಿಡಿಯುತ್ತದೆ, ಅಷ್ಟರಲ್ಲಿ ಸೀಸನ್ನೇ ಅರ್ಧ ಮುಗಿಯುತ್ತದೆ. ತಿದ್ದುಪಡಿಯನ್ನೇ ಕಡಿಮೆ ಮಾಡಿ. ನಮ್ಮಲ್ಲಿ ಹೆಚ್ಚಿನವು ತೂಕದ ಚೀಟಿಯಲ್ಲಿ ಹೊಸ ಚಾಲಿ, ಹಳೆ ಚಾಲಿ ಗುರುತು ಹಾಕದೆ ಬಂದವು. ದರ ಬೇರೆ, ಹಾಗಾಗಿ ಬಿಲ್ ಮತ್ತೆ ಬರೆಯಬೇಕು. ತಿದ್ದುಪಡಿ ಅರ್ಧವಾದರೆ ನಿಮ್ಮ ಸೀಸನ್ನಿನಲ್ಲಿ 300 ಗಂಟೆ ಉಳಿಯಿತು, ನಿಮ್ಮ ಲೆಕ್ಕದಲ್ಲಿ ಒಬ್ಬರೇ ಸಾಕು.

ಕುಂಬಳೆ, ನಿವೃತ್ತ ಕಾಸ್ಟ್ ಅಕೌಂಟೆಂಟ್: ಒಪ್ಪಿದೆ. ಹಾಗಾದರೆ ತಿದ್ದುಪಡಿಯನ್ನು ಬಿಲ್ಲಿನ ಸಂಖ್ಯೆಗೆ ಕಟ್ಟುವುದೇ ತಪ್ಪಾಗಬಹುದು. ಡಿಪೋವಾರು ಎಣಿಸಿ ನೋಡಿ.

ಉಪ್ಪಳ: ಡಿಪೋದವರು ಚೀಟಿ ಸರಿ ಬರೆಯುತ್ತಾರೆ ಅಂತ ನಂಬಿ ಬಜೆಟ್ ಕಡಿಮೆ ಮಾಡ್ತೀರಾ? ನಾನಂತೂ ಇಬ್ಬರಿಗೂ ದುಡ್ಡು ಇಡುತ್ತೇನೆ.

ಕೇಳಿದವರು, ಬದಿಯಡ್ಕ: ಕಳೆದ ಸೀಸನ್ನಿನ ತಿದ್ದುಪಡಿ ಚೀಟಿಗಳು ಕಟ್ಟು ಕಟ್ಟಾಗಿ ಹಾಗೇ ಇವೆ. ನಾಳೆ ಡಿಪೋವಾರು ಬೇರ್ಪಡಿಸುತ್ತೇನೆ. ಒಬ್ಬರೋ ಇಬ್ಬರೋ ಆಮೇಲೆ ಹೇಳುತ್ತೇನೆ.