ನೋವು ‘ಎಂಟು’ ಅನ್ನುವ ಅಜ್ಜಿ ಮಾತಿನ ಮಧ್ಯೆ ಗೊರಕೆ ಹೊಡೆದರೆ, ಮಾರ್ಫಿನ್ ಕೊಡಬೇಕಾ?

ಪ್ರಶ್ನೆ (ಸ್ಟಾಫ್ ನರ್ಸ್, ಜಯನಗರ): ಸರ್ಜಿಕಲ್ ವಾರ್ಡಲ್ಲಿ ಕನಕಪುರ ಕಡೆಯ ಅಜ್ಜಿ ಇದ್ದಾರೆ, ವಯಸ್ಸು 72. ಹೊಟ್ಟೆ ಆಪರೇಷನ್ ಆಗಿ ನಿನ್ನೆ ಎರಡನೇ ರಾತ್ರಿ. ಹತ್ತಕ್ಕೆ ಎಷ್ಟು ನೋವು ಅಂದರೆ ಪ್ರತಿ ಸಲವೂ ‘ಎಂಟು’. ಆದರೆ ಮಾತಾಡುತ್ತಲೇ ಕಣ್ಣು ಮುಚ್ಚಿ ಗೊರಕೆ! ಮಾರ್ಫಿನ್ 3 ಮಿ.ಗ್ರಾಂ ಐವಿ, ಬೇಕಾದಾಗ ಕೊಡಿ ಅಂತ ಆರ್ಡರ್ ಇತ್ತು. ಹೆದರಿ ಕೊಡಲಿಲ್ಲ, ಬೈಸಿಕೊಂಡೆ. ಅಂಕಿ ನಂಬಬೇಕಾ, ಗೊರಕೆ ನಂಬಬೇಕಾ?

ಐಸಿಯು ಬ್ರದರ್, ಹೆಬ್ಬಾಳ: ರೋಗಿ ಎಷ್ಟು ಅಂತಾರೋ ಅಷ್ಟೇ ನೋವು. ನಿದ್ದೆ ಬಂದ ಮಾತ್ರಕ್ಕೆ ನೋವಿಲ್ಲ ಅಂತಲ್ಲ. ಸ್ಯಾಚುರೇಷನ್ ಚೆನ್ನಾಗಿದ್ದರೆ ಕೊಡಬಹುದಿತ್ತು.

ಪ್ರಶ್ನೆ ಕೇಳಿದವರು: 98 ಇತ್ತು ಬ್ರದರ್. ಮೂಗಿಗೆ 2 ಲೀಟರ್ ಆಕ್ಸಿಜನ್ ಹೋಗುತ್ತಿತ್ತು.

ಹಿರಿಯ ಸಿಸ್ಟರ್, ನೋವು ನಿರ್ವಹಣಾ ತಂಡ: ಕೊಡದೆ ಇದ್ದದ್ದು ಸರಿ. ಬ್ರದರ್ ಹೇಳಿದ ಮೊದಲ ಅರ್ಧ ನಿಜ, ಸ್ಯಾಚುರೇಷನ್ ಮಾತು ಮಾತ್ರ ಅಪಾಯ. ಆಕ್ಸಿಜನ್ ಹಾಕಿರುವಾಗ ಉಸಿರು ಕಡಿಮೆಯಾಗುತ್ತಾ ಬಂದರೂ 98 ಸುಮಾರು ಹೊತ್ತು ಹಾಗೇ ನಿಂತಿರುತ್ತದೆ. ಒಳಗೆ ಕಾರ್ಬನ್ ಡೈ ಆಕ್ಸೈಡ್ ಏರುತ್ತಿರುವುದು ಬೆರಳಿಗೆ ಹಾಕಿದ ಕ್ಲಿಪ್‌ಗೆ ಗೊತ್ತಾಗುವುದಿಲ್ಲ.

ಮಾರ್ಫಿನ್ ಜಾಸ್ತಿಯಾದಾಗ ಸಾಮಾನ್ಯವಾಗಿ ಮೊದಲು ಮಂಪರು ಬರುತ್ತದೆ, ಉಸಿರು ಕುಗ್ಗುವುದು ಆಮೇಲೆ. ಅದಕ್ಕೇ ನೋವಿನ ಅಂಕಿಯ ಪಕ್ಕದಲ್ಲೇ ಮಂಪರಿನ ಅಂಕಿಯೂ ಬರೆಯಬೇಕು. ನಾವು ಪಾಸ್ ಅನ್ನುವ ಸ್ಕೇಲ್ ಬಳಸುತ್ತೇವೆ. ಕರೆದ ತಕ್ಷಣ ಎದ್ದು ಸರಿಯಾಗಿ ಮಾತಾಡಿದರೆ ಚಿಂತೆಯಿಲ್ಲ. ಮಾತಿನ ಮಧ್ಯೆ ಜಾರಿ ಹೋದರೆ ಅದು 3. ಆಗ ನೋವಿನ ಅಂಕಿ ಎಷ್ಟೇ ಇರಲಿ, ಮುಂದಿನ ಡೋಸ್ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಕ್ರಿಯಾಟಿನಿನ್ ಕೂಡ ನೋಡಿ. ಕಿಡ್ನಿ ಸೋತಿದ್ದರೆ ಮಾರ್ಫಿನ್ನಿಂದಾಗುವ ಪದಾರ್ಥಗಳು ಮೈಯಲ್ಲೇ ಉಳಿದು ಮಂಪರು ಎಳೆಯುತ್ತದೆ.

ಉಸಿರನ್ನು ಅಜ್ಜಿಯನ್ನು ಎಬ್ಬಿಸುವ ಮೊದಲೇ ಎಣಿಸಿ, ಪೂರ್ತಿ ಒಂದು ನಿಮಿಷ. ಎಬ್ಬಿಸಿದರೆ ಉಸಿರು ತಾನೇ ಏರುತ್ತದೆ, ಚಾರ್ಟಲ್ಲಿ ಸುಮ್ನೆ ಚೆಂದದ ‘18’ ಬೀಳುತ್ತದೆ. ಇನ್ನು ಆ ಗೊರಕೆ ಒಳ್ಳೆ ನಿದ್ದೆಯ ಗುರುತಲ್ಲ, ಗಂಟಲ ದಾರಿ ಅರ್ಧ ಮುಚ್ಚಿದೆ ಅಂತ.

‘ಎಂಟು’ ಬಗ್ಗೆ ನನಗೊಂದು ಅನುಮಾನ. ನಮ್ಮಲ್ಲೂ ಒಬ್ಬ ಅಜ್ಜಿ ಎರಡು ದಿನ ಎಂಟು ಎಂಟು ಅಂದರು. ಕೊನೆಗೆ ಆಯಮ್ಮ ಕೇಳಿದಾಗ ಗೊತ್ತಾಯಿತು, ಅವರ ಲೆಕ್ಕ ಎಂಟಾಣೆ, ಅಂದರೆ ಅರ್ಧ! ನಾವು ಹತ್ತಕ್ಕೆ ಎಂಟು ಬರೆದುಕೊಂಡು ಕೂತಿದ್ದೆವು. ಅಂಥವರಿಗೆ ‘ಇಲ್ಲ, ಸ್ವಲ್ಪ, ಮಧ್ಯಮ, ಜಾಸ್ತಿ’ ಅನ್ನುವ ಮಾತಿನ ಸ್ಕೇಲೇ ಸಾಕು. ಒಮ್ಮೆ ಹಿಡಿದ ಸ್ಕೇಲನ್ನು ಮೂರೂ ಶಿಫ್ಟ್ ಬಿಡಬೇಡಿ. ಮಲಗಿರುವಾಗ ಒಂದು ಸಲ, ಕೆಮ್ಮಿಸಿ ಒಂದು ಸಲ ಕೇಳಿ.

ಒಬ್ಬರು, ಯಲಹಂಕ: ನನ್ನ ಅಮ್ಮನಿಗೆ ಕ್ಯಾನ್ಸರ್, ಮನೆಯಲ್ಲೇ ಮಾರ್ಫಿನ್ ಮಾತ್ರೆ. ನೀವು ಹೇಳಿದ್ದು ಓದಿ ಭಯವಾಯಿತು. ನಿಲ್ಲಿಸಿಬಿಡಲಾ? ಐದು ದಿನದಿಂದ ಮೋಷನ್ ಬೇರೆ ಆಗಿಲ್ಲ. ಇಸಬ್ಗೋಲ್ ಕೊಡುತ್ತಿದ್ದೇನೆ.

ಹಿರಿಯ ಸಿಸ್ಟರ್: ನಿಲ್ಲಿಸಬೇಡಿ ಅಮ್ಮಾ, ನಿಮ್ಮದು ಬೇರೆ ವಿಷಯ. ದಿನಾ ತೆಗೆದುಕೊಳ್ಳುವವರಿಗೆ ವಾಕರಿಕೆ, ತೂಕಡಿಕೆ ಕೆಲವು ದಿನದಲ್ಲಿ ಇಳಿಯುತ್ತವೆ. ಮಲಬದ್ಧತೆ ಮಾತ್ರ ಮಾತ್ರೆ ಇರುವಷ್ಟು ದಿನವೂ ಇರುತ್ತದೆ. ಕರುಳು ತಳ್ಳುವುದೇ ನಿಧಾನವಾಗಿರುವಾಗ ಇಸಬ್ಗೋಲ್ ಒಳಗೆ ಗಟ್ಟಿಯಾಗಿ ಕೂರಬಹುದು. ಅದನ್ನು ಬಿಡಿ. ಸೆನ್ನಾ, ಬಿಸಾಕೊಡಿಲ್ ಥರ ಕರುಳನ್ನು ತಳ್ಳಿಸುವ ಔಷಧ ಬೇಕಾಗುತ್ತದೆ. ಆದರೆ ಐದು ದಿನ ಆಗಿರುವುದರಿಂದ ಮೊದಲು ಡಾಕ್ಟರ್ ಹೊಟ್ಟೆ ನೋಡಲಿ. ವಾಂತಿ, ಹೊಟ್ಟೆಯುಬ್ಬರ ಇದ್ದರೆ ಇವತ್ತೇ ಹೋಗಿ.

ಪ್ರಶ್ನೆ ಕೇಳಿದವರು (ಮರುದಿನ): ಸಿಸ್ಟರ್, ರಾತ್ರಿ ಎರಡಕ್ಕೆ ಎಣಿಸಿದೆ, ಉಸಿರು 9. ಡಾಕ್ಟರನ್ನು ಕರೆದೆ. ನಾಲಾಕ್ಸೋನ್ 400 ಮೈಕ್ರೋಗ್ರಾಂ ಆಂಪೂಲನ್ನು ಸಲೈನಲ್ಲಿ 10 ಮಿ.ಲೀ. ಮಾಡಿ, 1 ಮಿ.ಲೀ.ನಂತೆ ನಿಧಾನವಾಗಿ ಕೊಡಿಸಿದರು. ಎರಡನೇ ಮಿ.ಲೀ.ಗೆ ಉಸಿರು 14. ‘ಯಾಕವ್ವಾ ಎಬ್ಬಿಸ್ತೀಯ’ ಅಂತ ಬೈದರು ಅಜ್ಜಿ!

ನೋವು ಎಲ್ಲಿ ಅಂತ ಕೈ ಇಟ್ಟು ತೋರಿಸಿ ಅಂದೆ. ಗಾಯದ ಮೇಲಲ್ಲ, ಹೊಕ್ಕುಳಿನ ಕೆಳಗೆ ತೋರಿಸಿದರು. ನೋಡಿದರೆ ಕ್ಯಾಥೆಟರ್ ಟ್ಯೂಬ್ ತೊಡೆ ಕೆಳಗೆ ಮಡಚಿಕೊಂಡಿದೆ. ಬಿಡಿಸಿದ ಮೇಲೆ 600 ಮಿ.ಲೀ. ಬಂತು. ಮಂಡಿ ಕೆಳಗೆ ದಿಂಬು ಇಟ್ಟೆ, ಕೆಮ್ಮುವಾಗ ಇನ್ನೊಂದನ್ನು ಹೊಟ್ಟೆಗೆ ಒತ್ತಿಕೊಳ್ಳೋದು ಕಲಿಸಿದೆ. ಬೆಳಿಗ್ಗೆ ‘ಸ್ವಲ್ಪ’ ಅಂದರು. ಈಗ ಪ್ಯಾರಾಸಿಟಮಾಲ್ ಮಾತ್ರ ಟೈಮಿಗೆ ಹೋಗುತ್ತಿದೆ.

ಹಿರಿಯ ಸಿಸ್ಟರ್: ಭೇಷ್. ನಾಲಾಕ್ಸೋನ್ ಬೇಗ ಇಳಿಯುತ್ತದೆ, ಮಾರ್ಫಿನ್ ಇನ್ನೂ ಇರುತ್ತದೆ. ಮಂಪರು ತಿರುಗಿ ಬರಬಹುದು. ಎದ್ದರು ಅಂತ ಕಣ್ಣು ತೆಗೆಯಬೇಡಿ, ಗಂಟೆಗಟ್ಟಲೆ ನೋಡುತ್ತಿರಬೇಕು. ದಿಂಬು ಚಲನೆಯ ನೋವಿಗೆ ಸಹಾಯ ಮಾಡುತ್ತದೆ, ಔಷಧಿಗೆ ಬದಲಿ ಅಲ್ಲ. ಬಿಸಿನೀರಿನ ಚೀಲ ಮಾತ್ರ ಬೇಡ. ಮಂಪರಲ್ಲಿರುವವರಿಗೆ ಚರ್ಮ ಸುಟ್ಟರೂ ತಿಳಿಯುವುದಿಲ್ಲ.

ಐಸಿಯು ಬ್ರದರ್: ಸ್ಯಾಚುರೇಷನ್ ವಿಷಯ ಒಪ್ಪಿದೆ. ಆದರೆ ನನ್ನ ಹಳೇ ವಾರ್ಡಲ್ಲಿ ನೈಟ್‌ಗೆ 32 ಬೆಡ್‌ಗೆ ಇಬ್ಬರೇ. ಮಾರ್ಫಿನ್ ಕೊಟ್ಟವರದೆಲ್ಲ ಒಂದೊಂದು ನಿಮಿಷ ಎಣಿಸುತ್ತಾ ಕೂತರೆ ಡ್ರಿಪ್ ಬದಲಾಯಿಸೋದು ಯಾರು?

ಹಿರಿಯ ಸಿಸ್ಟರ್: ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮಾರ್ಫಿನ್ ಬೆಡ್‌ಗಳನ್ನು ಸ್ಟೇಷನ್ ಎದುರಿಗೇ ಹಾಕಿಸಿಕೊಳ್ಳುತ್ತಿದ್ದೆ, ಅಷ್ಟೇ.